ಒಂದೇ ಜಾತಕ, ಎರಡು ರಾಹು: ಮಧ್ಯಮ ಮತ್ತು ಸ್ಫುಟ ರಾಹುವಿನ ಲೆಕ್ಕ

2025ರ ಮೇ 23ರಂದು ಸಂಜೆ ಐದೂವರೆಗೆ ಬೆಂಗಳೂರಿನಲ್ಲಿ ಒಂದು ಮಗು ಹುಟ್ಟಿತು ಎಂದುಕೊಳ್ಳಿ. ಅದರ ಜಾತಕವನ್ನು ಎರಡು ತಂತ್ರಾಂಶಗಳಲ್ಲಿ ಹಾಕಿ ನೋಡಿದರೆ, ಎರಡರಲ್ಲೂ ಲಾಹಿರಿ ಅಯನಾಂಶವೇ ಇದ್ದರೂ, ಹೀಗೊಂದು ತೊಡಕು ಎದುರಾಗಬಹುದು. ಲಗ್ನ ತುಲಾ. ರವಿ, ಚಂದ್ರ, ಕುಜ, ಗುರು, ಶನಿ ಎಲ್ಲವೂ ಎರಡು ಕಡೆಯೂ ಒಂದೇ ಸ್ಥಾನದಲ್ಲಿ ಇವೆ. ರಾಹು ಮಾತ್ರ ಒಂದರಲ್ಲಿ ಕುಂಭದ 29 ಡಿಗ್ರಿ 45 ಕಲೆಯಲ್ಲಿದ್ದಾನೆ, ಇನ್ನೊಂದರಲ್ಲಿ ಮೀನದ 1 ಡಿಗ್ರಿಯ ಆಸುಪಾಸಿನಲ್ಲಿದ್ದಾನೆ. ಅಂತರ ಬರೀ ಒಂದೂಕಾಲು ಡಿಗ್ರಿ. ಆದರೆ ರಾಶಿಯ ಗಡಿ ನಡುವೆ ಬಿದ್ದಿರುವುದರಿಂದ ಒಂದು ಕುಂಡಲಿಯಲ್ಲಿ ಪಂಚಮ ರಾಹು, ಇನ್ನೊಂದರಲ್ಲಿ ಷಷ್ಠ ರಾಹು. ಜಾತಕ ನೋಡುವವರಿಗೆ ಇವೆರಡೂ ಎಷ್ಟು ಬೇರೆ ಎಂದು ಹೇಳಬೇಕಾಗಿಲ್ಲ. ಐದರಲ್ಲಿ ರಾಹು ಎಂದೊಡನೆ ಮನೆಯವರು ಶಾಂತಿಯ ಮಾತೆತ್ತುತ್ತಾರೆ. ಆರರಲ್ಲಿ ಎಂದರೆ ಒಳ್ಳೆಯದೇ ಆಯಿತು ಎನ್ನುತ್ತಾರೆ.

ಎರಡು ತಂತ್ರಾಂಶಗಳಲ್ಲಿ ಯಾವುದೂ ತಪ್ಪು ಲೆಕ್ಕ ಹಾಕಿಲ್ಲ. ಮೊದಲನೆಯದು ಮಧ್ಯಮ ರಾಹುವನ್ನು ತೋರಿಸಿದೆ, ಎರಡನೆಯದು ಸ್ಫುಟ ರಾಹುವನ್ನು. ತಂತ್ರಾಂಶದ ಆಯ್ಕೆಗಳ ಪುಟದಲ್ಲಿ ಇವು Mean Node ಮತ್ತು True Node ಎಂಬ ಹೆಸರಿನಲ್ಲಿ ಕಾಣುತ್ತವೆ. ಈ ಎರಡು ಏಕೆ ಬೇರೆಯಾಗುತ್ತವೆ, ಯಾವಾಗ ಹೆಚ್ಚು ಬೇರೆಯಾಗುತ್ತವೆ ಎಂಬುದನ್ನು ರವಿ ಎಲ್ಲಿದ್ದಾನೆ ಎಂದು ನೋಡಿಯೇ ಹೇಳಿಬಿಡಬಹುದು. ಅದು ಹೇಗೆ ಎನ್ನುವುದೇ ಈ ಲೇಖನದ ವಿಷಯ.

ರಾಹುವಿಗೆ ಬಿಂಬವಿಲ್ಲ, ದೂರದರ್ಶಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಭೂಮಿಯಿಂದ ನೋಡಿದರೆ ರವಿ ವರ್ಷವಿಡೀ ಸಾಗುವ ದಾರಿ ಕ್ರಾಂತಿವೃತ್ತ. ಚಂದ್ರನ ದಾರಿ ಅದಕ್ಕೆ ಸುಮಾರು 5 ಡಿಗ್ರಿ 9 ಕಲೆಯಷ್ಟು ಓರೆಯಾಗಿದೆ. ಹೀಗಾಗಿ ಎರಡು ದಾರಿಗಳು ಎದುರುಬದುರಾಗಿ ಎರಡು ಕಡೆ ಕತ್ತರಿಸುತ್ತವೆ. ಚಂದ್ರ ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದು ರಾಹು, ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಬಿಂದು ಕೇತು. ಸಿದ್ಧಾಂತ ಗ್ರಂಥಗಳು ಇದನ್ನು ಚಂದ್ರನ ಪಾತ ಎನ್ನುತ್ತವೆ. ಕೇತು ಯಾವಾಗಲೂ ರಾಹುವಿಗೆ ಸರಿಯಾಗಿ 180 ಡಿಗ್ರಿ ಎದುರಿಗಿರುವುದರಿಂದ ರಾಹು ಎಷ್ಟು ಸರಿದರೆ ಕೇತುವೂ ಅಷ್ಟೇ ಸರಿಯುತ್ತಾನೆ. ಹಾಗಾಗಿ ಮುಂದೆ ರಾಹುವಿನ ಮಾತನ್ನಷ್ಟೇ ಆಡುತ್ತೇನೆ.

ಈ ಬಿಂದು ನಿಂತಲ್ಲಿ ನಿಲ್ಲುವುದಿಲ್ಲ. ತಿರುಗುವ ಬುಗುರಿಯ ತಲೆ ನಿಧಾನವಾಗಿ ಸುತ್ತು ಹಾಕುವಂತೆ, ಚಂದ್ರನ ಓರೆ ಕಕ್ಷೆಯೂ ತನ್ನ ಓರೆಯನ್ನು ಬಿಡದೆ ಸುತ್ತುತ್ತದೆ, ಹಿಮ್ಮುಖವಾಗಿ. ಒಂದು ಪೂರ್ತಿ ಸುತ್ತಿಗೆ ಸುಮಾರು 18.6 ವರ್ಷ. 360 ಡಿಗ್ರಿಯನ್ನು ಆ ದಿನಗಳಿಗೆ ಸಮನಾಗಿ ಹಂಚಿದರೆ ದಿನಕ್ಕೆ 3 ಕಲೆ 11 ವಿಕಲೆ ಬರುತ್ತದೆ. ರಾಹು ಪ್ರತಿದಿನವೂ ಇದೇ ಹೆಜ್ಜೆಯಲ್ಲಿ ಹಿಂದೆ ಸರಿಯುತ್ತಾನೆ ಎಂದು ಇಟ್ಟುಕೊಂಡು ಹಾಕಿದ ಲೆಕ್ಕವೇ ಮಧ್ಯಮ ರಾಹು.

ನಮ್ಮ ಹಳೆಯ ಗ್ರಂಥಗಳ ರಾಹು ಇದೇ. ಸೂರ್ಯಸಿದ್ಧಾಂತವು 43,20,000 ವರ್ಷಗಳ ಒಂದು ಮಹಾಯುಗದಲ್ಲಿ ಚಂದ್ರಪಾತ 2,32,238 ಸುತ್ತು ಹಾಕುತ್ತದೆ ಎನ್ನುತ್ತದೆ. ಆರ್ಯಭಟೀಯದ ಸಂಖ್ಯೆ 2,32,226. ಸೂರ್ಯಸಿದ್ಧಾಂತದ ಯುಗದಿನಗಳನ್ನು ಅದರ ಸುತ್ತುಗಳಿಂದ ಭಾಗಿಸಿದರೆ ಒಂದು ಸುತ್ತಿಗೆ ಸುಮಾರು 6,794.4 ದಿನಗಳು ಸಿಗುತ್ತವೆ. ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡ ಇಂದಿನ ಅಳತೆ ಸುಮಾರು 6,793.5 ದಿನ. ಹದಿನೆಂಟು ವರ್ಷಕ್ಕೂ ಮಿಕ್ಕ ಒಂದು ಸುತ್ತಿನಲ್ಲಿ ಒಂದು ದಿನದಷ್ಟೂ ತಪ್ಪಿಲ್ಲ. ಬರಿಗಣ್ಣಿನಿಂದ ಗ್ರಹಣಗಳನ್ನು ನೋಡಿ ನೋಡಿ ಇದನ್ನು ಹಿಡಿದವರಿಗೆ ನಮಸ್ಕಾರ ಹೇಳಿಯೇ ಮುಂದೆ ಹೋಗಬೇಕು. ಆದರೆ ಒಂದನ್ನು ಗಮನಿಸಿ: ರವಿ ಚಂದ್ರರಿಗೆ ಮಧ್ಯಮವನ್ನು ಸ್ಫುಟ ಮಾಡಲು ಮಂದಸಂಸ್ಕಾರ ಹೇಳುವ ಸೂರ್ಯಸಿದ್ಧಾಂತ, ಪಾತಕ್ಕೆ ಅಂಥ ಸಂಸ್ಕಾರವನ್ನು ಹೇಳುವುದಿಲ್ಲ. ಮಧ್ಯಮ ಸ್ಥಾನವೇ ಅಲ್ಲಿ ಕೊನೆಯ ಸ್ಥಾನ.

ಪಾತವೂ ಓಲಾಡುತ್ತದೆ ಎಂದು ಅಳತೆಯಿಂದ ಕಂಡುಕೊಂಡವನು ಹದಿನಾರನೆಯ ಶತಮಾನದ ಕೊನೆಯಲ್ಲಿ ಡೆನ್ಮಾರ್ಕಿನ ಟೈಕೋ ಬ್ರಾಹೆ. ಅದಕ್ಕೆ ಕಾರಣ ಕೊಟ್ಟವನು ನ್ಯೂಟನ್, 1687ರಲ್ಲಿ. ಕಾರಣ ತಿಳಿಯಲು ಗಣಿತವೇ ಬೇಕೆಂದಿಲ್ಲ. ಚಂದ್ರನ ಕಕ್ಷೆಯನ್ನು ಸುತ್ತಿಸುತ್ತಿರುವುದು ರವಿಯ ಸೆಳೆತ. ಚಂದ್ರನ ಓರೆ ದಾರಿಯ ಆಚೆ ಒಂದು ಕಡೆಯಲ್ಲಿ ರವಿ ಇದ್ದರೆ ಅವನು ಚಂದ್ರನನ್ನು ಆ ದಾರಿಯ ಸಮತಲದಿಂದ ಪಕ್ಕಕ್ಕೆ ಎಳೆಯುತ್ತಾನೆ, ಅದರಿಂದಲೇ ಪಾತ ಹಿಂದೆ ಸರಿಯುತ್ತದೆ. ಆದರೆ ರವಿ ವರ್ಷಕ್ಕೆ ಎರಡು ಸಲ ರಾಹುವಿನ ಮೇಲೋ ಕೇತುವಿನ ಮೇಲೋ ಬರುತ್ತಾನೆ. ಆಗ ರವಿ ಚಂದ್ರನ ಕಕ್ಷೆಯ ಸಮತಲದಲ್ಲಿಯೇ ಇರುತ್ತಾನೆ. ಪಕ್ಕಕ್ಕೆ ಎಳೆಯುವ ಬಲ ಇಲ್ಲವಾಗುತ್ತದೆ, ರಾಹು ಹೆಚ್ಚುಕಡಿಮೆ ನಿಂತುಬಿಡುತ್ತಾನೆ. ರವಿ ರಾಹುವಿನಿಂದ 90 ಡಿಗ್ರಿ ದೂರ ಹೋದಾಗ ಆ ಎಳೆತ ಗರಿಷ್ಠ. ಆಗ ರಾಹು ದಿನಕ್ಕೆ ಮೂರು ಕಲೆಯ ಬದಲು ಆರು ಕಲೆಗೂ ಮಿಕ್ಕಿ ಹಿಂದೆ ಓಡುತ್ತಾನೆ. ಒಮ್ಮೆ ನಿಲುಗಡೆ, ಒಮ್ಮೆ ಇಮ್ಮಡಿ ಓಟ. ಸರಾಸರಿ ತೆಗೆದರೆ ಅದೇ 3 ಕಲೆ 11 ವಿಕಲೆ. ಈ ಏರಿಳಿತವನ್ನೂ ಸೇರಿಸಿಕೊಂಡ ಸ್ಥಾನವೇ ಸ್ಫುಟ ರಾಹು.

ರವಿ ರಾಹುವನ್ನು ಬಿಟ್ಟು ಮತ್ತೆ ರಾಹುವನ್ನೇ ಸೇರಲು ಹಿಡಿಯುವ ಕಾಲ ಸುಮಾರು 346.6 ದಿನ. ರಾಹು ಎದುರಿಗೆ ಬರುತ್ತಿರುವುದರಿಂದ ಇದು ವರ್ಷಕ್ಕಿಂತ ಕಡಿಮೆ. ನಡುವೆ ಕೇತುವನ್ನೂ ದಾಟುವುದರಿಂದ ಏರಿಳಿತದ ಒಂದು ಸುತ್ತು ಇದರ ಅರ್ಧ, ಅಂದರೆ 173 ದಿನಗಳಷ್ಟು. ಸ್ಫುಟ ರಾಹುವಿಗೂ ಮಧ್ಯಮ ರಾಹುವಿಗೂ ಇರುವ ಅಂತರದ ಬಹುಪಾಲನ್ನು ಈ ಒಂದೇ ಸಾಲು ಕೊಡುತ್ತದೆ:

```
ಸ್ಫುಟ − ಮಧ್ಯಮ ≈ 1.5° × sin(2 × (ರವಿ − ರಾಹು))
```

ಇದನ್ನು ಬಾಯಿಮಾತಿನಲ್ಲಿ ಹೇಳುವುದೂ ಸುಲಭ. ರವಿ ರಾಹುವಿನ ಮೇಲಿದ್ದರೆ, ಕೇತುವಿನ ಮೇಲಿದ್ದರೆ, ಅಥವಾ ಇವೆರಡಕ್ಕೂ ಸರಿಯಾಗಿ ನಡುವೆ 90 ಡಿಗ್ರಿಯಲ್ಲಿದ್ದರೆ, ಎರಡು ರಾಹುಗಳೂ ಬಹುತೇಕ ಒಂದೇ ಕಡೆ ಇರುತ್ತವೆ. ರವಿ ರಾಹುವನ್ನು ದಾಟಿ 45 ಡಿಗ್ರಿ ಮುಂದೆ ಹೋದಾಗ ಸ್ಫುಟ ರಾಹು ಒಂದೂವರೆ ಡಿಗ್ರಿ ಮುಂದಿರುತ್ತಾನೆ. 135 ಡಿಗ್ರಿ ಮುಂದೆ ಹೋದಾಗ ಅಷ್ಟೇ ಹಿಂದಿರುತ್ತಾನೆ. ಕೇತುವಿನ ಆಚೆಗೂ ಇದೇ ಕ್ರಮ ಮತ್ತೊಮ್ಮೆ.

ಮೊದಲು ಹೇಳಿದ ಮಗುವಿನ ಜಾತಕಕ್ಕೆ ಇದನ್ನು ಹಚ್ಚಿ ನೋಡೋಣ. ಅಂದು ಸಂಜೆ ರವಿ ವೃಷಭದ 8 ಡಿಗ್ರಿ ದಾಟಿದ್ದ. ಮಧ್ಯಮ ರಾಹು ಕುಂಭದ ಕೊನೆಯಲ್ಲಿ, ಮೀನಕ್ಕೆ ಕಾಲು ಡಿಗ್ರಿ ಬಾಕಿ. ರಾಹುವಿನಿಂದ ರವಿಯವರೆಗೆ ಎಣಿಸಿ: ಆ ಕಾಲು ಡಿಗ್ರಿ, ಮೀನದ 30, ಮೇಷದ 30, ವೃಷಭದ 8 ಚಿಲ್ಲರೆ. ಒಟ್ಟು 68 ಡಿಗ್ರಿ ಮತ್ತು ಸ್ವಲ್ಪ. ಅದರ ಇಮ್ಮಡಿ ಸುಮಾರು 137, ಅದರ ಸೈನ್ 0.68. ಒಂದೂವರೆಯಿಂದ ಗುಣಿಸಿದರೆ ಒಂದು ಡಿಗ್ರಿ. ಸ್ಫುಟ ರಾಹು ಮಧ್ಯಮಕ್ಕಿಂತ ಒಂದು ಡಿಗ್ರಿ ಮುಂದೆ, ಅಂದರೆ ಮೀನದಲ್ಲಿ ಮುಕ್ಕಾಲು ಡಿಗ್ರಿ. ತಂತ್ರಾಂಶ ತೋರಿಸುವುದು ಮೀನದ 1 ಡಿಗ್ರಿ. ಉಳಿದ ಕಾಲು ಡಿಗ್ರಿ ಎಲ್ಲಿಂದ ಬಂತು?

ರವಿ ರಾಹುಗಳ ಕೋನದ ಜೊತೆಗೆ ಸಣ್ಣಸಣ್ಣ ಏರಿಳಿತಗಳು ಇನ್ನೂ ಇವೆ. ತಿಥಿಗೆ ತಕ್ಕಂತೆ ಪಕ್ಷಕ್ಕೊಮ್ಮೆ ಬರುವ ಒಂದು, ಚಂದ್ರ ರಾಹುವಿನಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದರ ಮೇಲೆ ಒಂದು, ಭೂಮಿ ರವಿಗೆ ಹತ್ತಿರವೋ ದೂರವೋ ಎಂಬುದರಿಂದ ವರ್ಷಕ್ಕೊಮ್ಮೆ ಬರುವ ಒಂದು, ಹೀಗೆ. ಒಂದೊಂದೂ ಸುಮಾರು ಐದರಿಂದ ಒಂಬತ್ತು ಕಲೆಗಳಷ್ಟೇ. ಆ ಸಂಜೆ ವಾರ್ಷಿಕದ್ದೊಂದು ಕಳೆಯಿತು, ಉಳಿದವು ಕೂಡಿದವು. ಒಟ್ಟಿನಲ್ಲಿ ಅಂತರ ಒಂದೂಕಾಲು ಡಿಗ್ರಿಗೆ ಬಂತು. ಇವೆಲ್ಲ ಒಂದೇ ಕಡೆ ಕೂಡಿಕೊಂಡ ದಿನಗಳಲ್ಲಿ ಅಂತರ ಒಂದೂವರೆಯನ್ನೂ ಸ್ವಲ್ಪ ದಾಟುತ್ತದೆ. ಎರಡು ತಂತ್ರಾಂಶಗಳ ರಾಹು ಮೂರು ನಾಲ್ಕು ಡಿಗ್ರಿ ಬೇರೆಯಾಗಿದ್ದರೆ ಮಾತ್ರ ಕಾರಣವನ್ನು ಬೇರೆಡೆ ಹುಡುಕಬೇಕು.

ಈ ಸಣ್ಣ ಏರಿಳಿತಗಳಿಗೆ ಇನ್ನೊಂದು ಕೈಚಳಕವಿದೆ. ರವಿ ರಾಹುಕೇತುಗಳ ಸಮೀಪವಿದ್ದು ರಾಹು ಹೆಚ್ಚುಕಡಿಮೆ ನಿಂತಿರುವಾಗ ಇವು ಅವನನ್ನು ಕೆಲವು ದಿನ ಮುಂದಕ್ಕೇ ತಳ್ಳಿಬಿಡುತ್ತವೆ. ಅಂದರೆ ಸ್ಫುಟ ರಾಹು ಆಗಾಗ ಮಾರ್ಗಿಯಾಗುತ್ತಾನೆ. ‘ರಾಹುಕೇತುಗಳು ಸದಾ ವಕ್ರಿ’ ಎಂದು ಕಲಿತವರಿಗೆ ಇದು ವಿಚಿತ್ರವೆನಿಸಬಹುದು. ಆ ಮಾತು ಮಧ್ಯಮ ರಾಹುವಿಗೆ ಪೂರ್ತಿ ನಿಜ. ನಿಮ್ಮ ತಂತ್ರಾಂಶ ಯಾವುದನ್ನು ಬಳಸುತ್ತಿದೆ ಎಂದು ಪತ್ತೆ ಹಚ್ಚಲು ಇದೇ ಸುಲಭದ ದಾರಿ. ರಾಹುವಿನ ಮುಂದೆ ವಕ್ರದ ಗುರುತು ಎಂದಾದರೂ ಮಾಯವಾದರೆ ಅದು ಸ್ಫುಟ. ಅದು ಕಾಣದಿದ್ದರೆ ಹತ್ತು ದಿನಗಳ ಅಂತರದಲ್ಲಿ ರಾಹು ಸರಿದದ್ದನ್ನು ನೋಡಿ. ಯಾವ ತಿಂಗಳಲ್ಲಿ ನೋಡಿದರೂ 32 ಕಲೆಯ ಆಸುಪಾಸೇ ಬಂದರೆ ಮಧ್ಯಮ. ಒಮ್ಮೆ ಹತ್ತು, ಇನ್ನೊಮ್ಮೆ ಅರವತ್ತು ಬಂದರೆ ಸ್ಫುಟ.

ಒಂದೂವರೆ ಡಿಗ್ರಿ ಎಂದರೆ ಕಡಿಮೆಯೇ ಎಂದು ಕಾಣುತ್ತದೆ. ಆದರೆ ರಾಹುವಿನ ನಡಿಗೆ ಎಷ್ಟು ನಿಧಾನ ಎಂದರೆ ಮಧ್ಯಮ ರಾಹು ಅಷ್ಟು ಸರಿಯಲು ನಾಲ್ಕು ವಾರ ಬೇಕು. ಗೋಚಾರದ ದಿನಾಂಕಗಳಲ್ಲಿ ಗೊಂದಲ ಏಳುವುದು ಇದರಿಂದಲೇ. ಲಾಹಿರಿ ಅಯನಾಂಶದಲ್ಲಿ ಮಧ್ಯಮ ರಾಹು ಮೀನದಿಂದ ಕುಂಭಕ್ಕೆ ಬಂದದ್ದು 2025ರ ಮೇ 18ರಂದು. ಸ್ಫುಟ ರಾಹು ಬಂದದ್ದು ಮೇ 29ರ ಆಸುಪಾಸಿನಲ್ಲಿ. ಹನ್ನೊಂದು ದಿನಗಳ ಅಂತರ. ನಮ್ಮ ಮಗು ಹುಟ್ಟಿದ್ದು ಈ ಸಂದಿಯಲ್ಲಿ.

ಅದರ ಹಿಂದಿನ ಬದಲಾವಣೆ ಇನ್ನೂ ಸ್ವಾರಸ್ಯದ್ದು. ಮೇಷದಿಂದ ಮೀನಕ್ಕೆ ಮಧ್ಯಮ ರಾಹು ಇಳಿದದ್ದು 2023ರ ಅಕ್ಟೋಬರ್ 30ರಂದು, ಸ್ಫುಟ ರಾಹು ಇಳಿದದ್ದು ನವೆಂಬರ್ 28–29ರ ಹೊತ್ತಿಗೆ. ಹೆಚ್ಚುಕಡಿಮೆ ಒಂದು ತಿಂಗಳು ತಡ. ಏಕೆ ಎಂದು ಈಗ ಊಹಿಸಬಹುದು. ಆ ಅಕ್ಟೋಬರ್ 14ರಂದು ಕಂಕಣ ಸೂರ್ಯಗ್ರಹಣ, 28ರಂದು ಖಂಡಗ್ರಾಸ ಚಂದ್ರಗ್ರಹಣ ಆಗಿದ್ದವು. ಗ್ರಹಣವಾಗುತ್ತದೆ ಎಂದರೆ ರವಿ ರಾಹುಕೇತುಗಳ ಸಾಲಿನಲ್ಲಿದ್ದಾನೆ ಎಂದರ್ಥ. ರವಿ ಆ ಸಾಲಿನಲ್ಲಿದ್ದರೆ ಸ್ಫುಟ ರಾಹು ನಿಂತಿರುತ್ತಾನೆ. ಮಧ್ಯಮ ರಾಹು ತನ್ನ ದಿನದ ಮೂರು ಕಲೆಯನ್ನು ನಡೆದುಕೊಂಡು ಗಡಿ ದಾಟಿ ಹೋದ, ಸ್ಫುಟ ರಾಹು ಗಡಿಯ ಈಚೆಗೆ ನಿಂತು ರವಿ ದೂರ ಸರಿಯುವುದನ್ನು ಕಾಯಬೇಕಾಯಿತು. ಗ್ರಹಣದ ಋತು ರಾಶಿಯ ಗಡಿಯ ಹತ್ತಿರ ಬಿದ್ದಾಗಲೆಲ್ಲ ದಿನಾಂಕಗಳು ಹೀಗೆ ಹರಿದುಹೋಗುತ್ತವೆ. ಆ ನವೆಂಬರ್‌ನಲ್ಲಿ ‘ರಾಹು ಬದಲಾಗಿದೆಯೋ ಇಲ್ಲವೋ’ ಎಂದು ವಾದಿಸಿದ ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದ್ದರು.

ಗ್ರಹಣದ ದಿನ ಮಾತ್ರ ಇಬ್ಬರಿಗೂ ಜಗಳವಾಡಲು ಹೆಚ್ಚು ಕಾರಣವಿರುವುದಿಲ್ಲ. 2025ರ ಸೆಪ್ಟೆಂಬರ್ 7ರ ರಾತ್ರಿ ನಮ್ಮಲ್ಲಿಯೂ ಕಂಡ ಪೂರ್ಣ ಚಂದ್ರಗ್ರಹಣದ ಹೊತ್ತಿಗೆ ರವಿ ಕೇತುವಿನ ತೀರ ಸಮೀಪವಿದ್ದ. ಆಗ ಎರಡು ರಾಹುಗಳ ನಡುವೆ ಕಾಲು ಡಿಗ್ರಿಯೂ ಅಂತರವಿರಲಿಲ್ಲ. ಗ್ರಹಣದ ಲೆಕ್ಕಕ್ಕಾಗಿಯೇ ಪಾತವನ್ನು ಬಳಸುತ್ತಿದ್ದ ಹಳಬರಿಗೆ ಮಧ್ಯಮ ರಾಹು ಸಾಕಾಗಿದ್ದುದರ ಗುಟ್ಟಿನಲ್ಲಿ ಇದೂ ಒಂದಿರಬೇಕು ಎಂದು ನನಗನ್ನಿಸುತ್ತದೆ. ಅಂತರ ದೊಡ್ಡದಾಗುವುದು ಗ್ರಹಣಗಳೇ ಇಲ್ಲದ ತಿಂಗಳುಗಳಲ್ಲಿ.

ಹಾಗಾದರೆ ಸ್ಫುಟ ರಾಹುವೇ ನಿಜವಾದ ರಾಹು ಎನ್ನೋಣವೇ? ಅದಕ್ಕೂ ಒಂದು ಮಿತಿಯಿದೆ. ಚಂದ್ರ ಕ್ರಾಂತಿವೃತ್ತವನ್ನು ದಾಟುವುದು 27.2 ದಿನಗಳಲ್ಲಿ ಎರಡೇ ಸಲ, ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ. ಆ ಎರಡು ಕ್ಷಣಗಳಲ್ಲಿ ಚಂದ್ರ ಸ್ಫುಟ ರಾಹು ಅಥವಾ ಸ್ಫುಟ ಕೇತುವಿನ ಮೇಲೆಯೇ ಇರುತ್ತಾನೆ, ಅವನ ಶರ ಸೊನ್ನೆಯಾಗಿರುತ್ತದೆ. ಆಕಾಶದಲ್ಲಿ ಅಳೆದು ನೋಡಬಹುದಾದ ಸತ್ಯ ಅಷ್ಟೇ. ನಡುವಿನ ದಿನಗಳಲ್ಲಿ ಚಂದ್ರ ಆ ಬಿಂದುವಿನ ಹತ್ತಿರ ಇರುವುದೇ ಇಲ್ಲ. ಈ ಕ್ಷಣದಲ್ಲಿ ಚಂದ್ರ ಇರುವ ಸ್ಥಾನ ಮತ್ತು ಅವನ ವೇಗ ಇವೆರಡನ್ನೇ ಹಿಡಿದು, ಇದೇ ಸಮತಲದಲ್ಲಿ ಅವನು ಮುಂದುವರಿದರೆ ಎಲ್ಲಿ ದಾಟುತ್ತಿದ್ದ ಎಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಮಧ್ಯಮ ರಾಹು ವರ್ಷಗಳ ಸರಾಸರಿಯಾದರೆ ಸ್ಫುಟ ರಾಹು ಒಂದು ಕ್ಷಣದ ಊಹೆ. ಚಂದ್ರ ದಾಟುವ ಗಳಿಗೆಯಲ್ಲಿ ಆ ಊಹೆ ಕರಾರುವಾಕ್ಕು, ಮಧ್ಯಮ ರಾಹುವಿಗೆ ಆ ಭರವಸೆಯಿಲ್ಲ. ಅಂತರ ಒಂದೂವರೆ ಡಿಗ್ರಿ ಇರುವಾಗ ಮಧ್ಯಮ ರಾಹುವಿನ ಮೇಲೆ ಬಂದ ಚಂದ್ರ ಕ್ರಾಂತಿವೃತ್ತದಿಂದ ಸುಮಾರು 8 ಕಲೆ ಆಚೀಚೆ ಇರುತ್ತಾನೆ. ಅದು ಅವನ ಬಿಂಬದ ಅಗಲದ ಕಾಲು ಭಾಗ.

ಇನ್ನು ಈ ಆಯ್ಕೆಯಿಂದ ಜಾತಕದಲ್ಲಿ ಏನು ಬದಲಾಗುತ್ತದೆ? ಜನ ಮೊದಲು ಹೆದರುವುದು ರಾಹುದಶೆಗೆ. ಅದಕ್ಕೆ ಹೆದರಬೇಕಿಲ್ಲ. ವಿಂಶೋತ್ತರಿ ದಶೆ ಲೆಕ್ಕವಾಗುವುದು ಚಂದ್ರನ ನಕ್ಷತ್ರದಿಂದ. ರಾಹು ಮಧ್ಯಮವಾಗಲಿ ಸ್ಫುಟವಾಗಲಿ, ರಾಹುದಶೆ ಆರಂಭವಾಗುವ ದಿನಾಂಕ ಒಂದು ದಿನವೂ ಅಲುಗದು. ಎರಡು ಜಾತಕಗಳಲ್ಲಿ ದಶೆಯ ದಿನಾಂಕವೇ ಬೇರೆಯಾಗಿದ್ದರೆ ಅದಕ್ಕೆ ಕಾರಣ ರಾಹು ಅಲ್ಲ, ಅಯನಾಂಶವೋ ಜನ್ಮಸಮಯವೋ ಇರಬೇಕು.

ಬದಲಾಗುವುದು ರಾಹುವಿನ ಸ್ಥಾನವನ್ನೇ ನೆಚ್ಚಿದ ಸಂಗತಿಗಳು. ನಮ್ಮ ಉದಾಹರಣೆಯಲ್ಲಿ ನಕ್ಷತ್ರ ಎರಡರಲ್ಲೂ ಪೂರ್ವಾಭಾದ್ರವೇ, ಆದರೆ ಮಧ್ಯಮ ರಾಹು ಮೂರನೆಯ ಪಾದದಲ್ಲಿ, ಸ್ಫುಟ ರಾಹು ನಾಲ್ಕನೆಯದರಲ್ಲಿ. ನವಾಂಶದಲ್ಲಿ ಒಬ್ಬ ಮಿಥುನಕ್ಕೆ, ಇನ್ನೊಬ್ಬ ಕರ್ಕಾಟಕಕ್ಕೆ ಹೋಗುತ್ತಾನೆ. ರಾಶಿಯ ಗಡಿ 30 ಡಿಗ್ರಿಗೊಮ್ಮೆ ಬರುವುದರಿಂದ ರಾಶಿಕುಂಡಲಿ ಬದಲಾಗುವುದು ಅಪರೂಪ. ಪಾದದ ಗಡಿ 3 ಡಿಗ್ರಿ 20 ಕಲೆಗೊಮ್ಮೆ ಬರುತ್ತದೆ, ಹಾಗಾಗಿ ನವಾಂಶದಲ್ಲಿ ರಾಹು ಜಾಗ ಬದಲಿಸುವುದು ಸಾಕಷ್ಟು ಸಾಮಾನ್ಯ. ಕುಂಡಲಿಯನ್ನು ಇನ್ನೂ ಸಣ್ಣ ಭಾಗಗಳಾಗಿ ಸೀಳಿದಷ್ಟೂ ಎರಡು ರಾಹುಗಳು ಒಂದೇ ಮನೆಯಲ್ಲಿ ಸಿಗುವುದು ವಿರಳವಾಗುತ್ತದೆ. ಷಷ್ಟ್ಯಂಶದ ಮನೆ ಅರ್ಧ ಡಿಗ್ರಿಯದು. ಅದರಲ್ಲಿ ರಾಹುವನ್ನು ಹಿಡಿದು ಫಲ ಹೇಳುವವರು ಯಾವ ರಾಹು ಎಂದು ಹೇಳದಿದ್ದರೆ ಆ ಮಾತಿಗೆ ಬೆಲೆ ಕೊಡುವುದು ಕಷ್ಟ.

ರಾಹು ಬೇರೆಯಾಗಿ ಕಂಡಾಗಲೆಲ್ಲ ಕಾರಣ ಇದೇ ಎಂದೂ ಅಲ್ಲ. ಹೆಚ್ಚು ಮೋಸಗೊಳಿಸುವುದು ಅಯನಾಂಶ. ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶವನ್ನು ಬಳಸುವವರು ಕರ್ನಾಟಕದಲ್ಲಿ ಈಗಲೂ ಇದ್ದಾರೆ. ಅದಕ್ಕೂ ಲಾಹಿರಿಗೂ ಇರುವ ವ್ಯತ್ಯಾಸ ಸುಮಾರು 1 ಡಿಗ್ರಿ 27 ಕಲೆ, ಎರಡು ರಾಹುಗಳ ನಡುವಿನ ಗರಿಷ್ಠ ಅಂತರದಷ್ಟೇ! ರಾಹುವನ್ನು ಮಾತ್ರ ನೋಡಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಪಕ್ಕದಲ್ಲಿ ಶನಿಯನ್ನೂ ನೋಡಿ. ಅಯನಾಂಶ ಬೇರೆಯಾಗಿದ್ದರೆ ಶನಿ, ಗುರು, ರವಿ, ಲಗ್ನ ಎಲ್ಲವೂ ಒಂದೇ ಅಳತೆಗೆ ಸರಿದಿರುತ್ತವೆ. ರಾಹುಕೇತು ಮಾತ್ರ ಸರಿದಿದ್ದರೆ ಮಧ್ಯಮ, ಸ್ಫುಟಗಳ ಭೇದ. ಲಗ್ನ ಮತ್ತು ಚಂದ್ರ ಬೇರೆಯಾಗಿದ್ದು ರಾಹು ಅಲ್ಲಿಯೇ ಇದ್ದರೆ ಸಮಯದ ದೋಷ. ಗಂಟೆಗೆ ಅರ್ಧ ಡಿಗ್ರಿಗೂ ಮಿಕ್ಕಿ ಓಡುವ ಚಂದ್ರ ಅದನ್ನು ಕೂಡಲೇ ತೋರಿಸಿಕೊಡುತ್ತಾನೆ, ರಾಹುವಿಗೆ ಒಂದು ಗಂಟೆ ಲೆಕ್ಕಕ್ಕೇ ಇಲ್ಲ. ವ್ಯತ್ಯಾಸ ಹತ್ತು ಹದಿನೈದು ವಿಕಲೆಯಷ್ಟೇ ಇದ್ದರೆ ಭೂಮಿಯ ಅಕ್ಷದ ಸಣ್ಣ ತೊನೆದಾಟವನ್ನು ಒಬ್ಬರು ಸೇರಿಸಿದ್ದಾರೆ, ಇನ್ನೊಬ್ಬರು ಬಿಟ್ಟಿದ್ದಾರೆ ಎಂದುಕೊಂಡು ಸುಮ್ಮನಿರಬಹುದು.

ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟು. ಸಿದ್ಧಾಂತ ಗ್ರಂಥಗಳ ಪದ್ಧತಿಯಂತೆ, ‘ಸದಾ ವಕ್ರಿ’ ಎಂಬ ನಿಯಮವನ್ನು ಒಪ್ಪಿ ಫಲ ನೋಡುವವರಿಗೆ ಮಧ್ಯಮ ರಾಹುವೇ ಹೊಂದುತ್ತದೆ, ಆ ನಿಯಮ ಹುಟ್ಟಿದ್ದೇ ಆ ಲೆಕ್ಕದಿಂದ. ಚಂದ್ರ ನಿಜವಾಗಿ ಕ್ರಾಂತಿವೃತ್ತವನ್ನು ದಾಟುವ ಬಿಂದು ಬೇಕಾದವರಿಗೆ ಸ್ಫುಟ ರಾಹು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಫಲಕ್ಕೆ ಯಾವುದು ಒಪ್ಪುತ್ತದೋ ಅದನ್ನು ಆರಿಸುವ ಚಟ ಮಾತ್ರ ಬೇಡ. ಜಾತಕವನ್ನು ಮುದ್ರಿಸಿ ಕೊಡುವಾಗ ಅಯನಾಂಶದ ಹೆಸರಿನ ಕೆಳಗೆ ಯಾವ ರಾಹು ಎಂದೂ ಒಂದು ಪದ ಬರೆದರೆ ಮುಂದೆ ಅದನ್ನು ನೋಡುವವರಿಗೆ ತೊಂದರೆ ತಪ್ಪುತ್ತದೆ.

ಸ್ವತಃ ತಂತ್ರಾಂಶ ಬರೆಯುವವರಿಗೆ ಇದು ಒಂದು ಅಂಕಿಯ ವ್ಯತ್ಯಾಸ. ಹಲವು ತಂತ್ರಾಂಶಗಳು ಒಳಗೆ ಬಳಸುವ ಸ್ವಿಸ್ ಎಫೆಮೆರಿಸ್‌ನಲ್ಲಿ ಎರಡು ರಾಹುಗಳಿಗೂ ಬೇರೆ ಬೇರೆ ಸಂಖ್ಯೆಗಳಿವೆ:

```
SE_MEAN_NODE = 10
SE_TRUE_NODE = 11
```

ಕೇತುವಿಗೆ ಇಲ್ಲಿ ಪ್ರತ್ಯೇಕ ಸಂಖ್ಯೆಯಿಲ್ಲ. ಬಂದ ಉತ್ತರಕ್ಕೆ 180 ಕೂಡಿಸಿ, 360 ದಾಟಿದರೆ ಕಳೆದುಕೊಳ್ಳಬೇಕು. ಬಳಕೆದಾರರಿಗೆ ಆಯ್ಕೆ ಕೊಡದೆ 10 ಅಥವಾ 11ನ್ನು ಒಳಗೇ ಬರೆದಿಟ್ಟ ಮೊಬೈಲ್ ಆ್ಯಪ್ ಆದರೆ, ಹತ್ತು ದಿನಗಳ ಅಂತರದಲ್ಲಿ ರಾಹು ಎಷ್ಟು ಸರಿದ ಎಂದು ನೋಡುವ ಪರೀಕ್ಷೆಯೇ ಗತಿ.